MINVERSE, MMULT: ಸಮೀಕರಣ ಬಿಡಿಸುವುದಷ್ಟೇ ಅಲ್ಲ, ಉತ್ತರವನ್ನು ಎಷ್ಟು ನಂಬಬಹುದು ಅಂತ ನೋಡುವುದೂ ಹೌದು

ಈ ಮೂರು ಸಮೀಕರಣ ನೋಡಿ.

```
3x + y + z = 12
x + z = y - 2
3x = z + 5
```

ಕಾಗದದ ಮೇಲೆ ಬಿಡಿಸುವ ದಾರಿ ಗೊತ್ತಿರುವುದೇ. ಮೂರನೆಯದರಿಂದ z ಎಷ್ಟು ಅಂತ ಬರೆದುಕೊಂಡು ಉಳಿದೆರಡಕ್ಕೆ ಹಾಕುವುದು, ಆಮೇಲೆ ಅವೆರಡನ್ನು ಕೂಡಿ ಕಳೆದು y ತೆಗೆದುಹಾಕುವುದು. ಮೂರು ಸಮೀಕರಣಕ್ಕೆ ಇದು ಸಾಕು. ಆರೇಳು ಇದ್ದರೆ ಎಲ್ಲೋ ಒಂದು ಕಡೆ ಮೈನಸ್ ಚಿಹ್ನೆ ಕೈತಪ್ಪುತ್ತದೆ, ಎಲ್ಲಿ ತಪ್ಪಿತು ಅಂತ ಹುಡುಕುವುದೇ ದೊಡ್ಡ ಕೆಲಸವಾಗುತ್ತದೆ. ಸ್ಪ್ರೆಡ್‌ಶೀಟ್‌ನಲ್ಲಿ ಇದೇ ಕೆಲಸ ಒಂದೇ ಸಾಲಿನ ಫಾರ್ಮುಲಾದಲ್ಲಿ ಮುಗಿಯುತ್ತದೆ.

```
=MMULT(MINVERSE(A2:C4),E2:E4)
```

ಸಾಮಾನ್ಯವಾಗಿ ಎಲ್ಲರೂ ಹೇಳಿಕೊಡುವುದು ಈ ರೂಪವನ್ನೇ. ನನಗೆ ಮಾತ್ರ ಇದು ಅಷ್ಟಾಗಿ ಹಿಡಿಸುವುದಿಲ್ಲ. ಉತ್ತರವೇನೋ ಬರುತ್ತದೆ. ಆದರೆ MINVERSE ಲೆಕ್ಕ ಹಾಕಿದ ಕೋಷ್ಟಕ ಫಾರ್ಮುಲಾದ ಹೊಟ್ಟೆಯೊಳಗೇ ಉಳಿದುಬಿಡುತ್ತದೆ. ಅದನ್ನು ಹೊರಗೆ, ಕಣ್ಣಿಗೆ ಕಾಣುವ ಹಾಗೆ ಶೀಟಿನ ಮೇಲೆ ಇಟ್ಟರೆ, ಬಂದ ಉತ್ತರ ಗಟ್ಟಿಯಾಗಿದೆಯೋ ಅಲುಗಾಡುತ್ತಿದೆಯೋ ಅನ್ನುವುದೂ ತಿಳಿಯುತ್ತದೆ. ಹಾಗಾಗಿ ಇಲ್ಲಿ ಎರಡು ಹೆಜ್ಜೆಯಲ್ಲೇ ಮಾಡೋಣ.

ಮೊದಲು ಜೋಡಣೆ

ಶೀಟಿಗೆ x, y, z ಅಂದರೆ ಏನೂ ಗೊತ್ತಿಲ್ಲ. ಯಾವ ಕಾಲಂನಲ್ಲಿ ಯಾವ ಸಂಖ್ಯೆ ಇದೆ ಅನ್ನುವುದಷ್ಟೇ ಅದಕ್ಕೆ ಗೊತ್ತು. ಅದಕ್ಕೇ ಮೊದಲು ಪ್ರತಿ ಸಮೀಕರಣವನ್ನೂ ಒಂದೇ ಅಚ್ಚಿಗೆ ತರಬೇಕು. ಗೊತ್ತಿಲ್ಲದವೆಲ್ಲ ಎಡಗಡೆ, ಅದೂ ಎಲ್ಲ ಸಾಲಲ್ಲೂ ಒಂದೇ ಕ್ರಮದಲ್ಲಿ. ಬರೀ ಸಂಖ್ಯೆ ಬಲಗಡೆ.

```
3x + 1y + 1z = 12
1x - 1y + 1z = -2
3x + 0y - 1z =  5
```

ಎರಡನೆಯ ಸಾಲಿನಲ್ಲಿ ಬಲಗಡೆ ಇದ್ದ y ಎಡಕ್ಕೆ ಬಂದು −1 ಆಯಿತು. ಮೂರನೆಯದರಲ್ಲಿ y ಇರಲೇ ಇಲ್ಲ, ಅಲ್ಲಿ 0 ಬಂತು. ಈಗ x, y, zಗಳ ಮುಂದಿರುವ ಒಂಬತ್ತು ಸಂಖ್ಯೆಗಳನ್ನು A2:C4ರಲ್ಲಿ ತುಂಬಿ. ಬಲಗಡೆಯ 12, −2, 5 ಇವನ್ನು E2:E4ರಲ್ಲಿ ಒಂದರ ಕೆಳಗೆ ಒಂದು ಬರೆಯಿರಿ. ಒಂದನೆಯ ಸಾಲು ಹೆಸರುಗಳಿಗಿರಲಿ.

ಆ 0 ಅನ್ನು ಬರೆಯಲೇಬೇಕು. «ಇಲ್ಲ ಅಂದಮೇಲೆ ಖಾಲಿ ಬಿಟ್ಟರಾಯಿತು» ಅನ್ನುವುದು ಇಲ್ಲಿ ನಡೆಯುವುದಿಲ್ಲ. SUM ಖಾಲಿ ಸೆಲ್ಲನ್ನು ಸುಮ್ನೆ ದಾಟಿ ಹೋಗುತ್ತದೆ, ಆದರೆ ಎಕ್ಸೆಲ್‌ನ MINVERSE ಒಂದೇ ಒಂದು ಸೆಲ್ ಖಾಲಿ ಇದ್ದರೂ #VALUE! ಅನ್ನುತ್ತದೆ. ಬೇರೆಲ್ಲಿಂದಲೋ ಕಾಪಿ ಮಾಡಿ ತಂದ ಸಂಖ್ಯೆ ಅಕ್ಷರದ ರೂಪದಲ್ಲಿ ಕೂತಿದ್ದರೂ ಇದೇ ಎರರ್. ನೋಡಲು 3, ಒಳಗೆ ಪಠ್ಯ. ಅಂಥ ಸಂಖ್ಯೆ ಸಾಮಾನ್ಯವಾಗಿ ಸೆಲ್ಲಿನ ಎಡ ಅಂಚಿಗೆ ಅಂಟಿಕೊಂಡಿರುತ್ತದೆ, ನಿಜವಾದ ಸಂಖ್ಯೆ ಬಲ ಅಂಚಿಗೆ. ಗುರುತಿಸಲು ಅಷ್ಟು ಸಾಕು.

ಈ ಎರಡು ಫಂಕ್ಷನ್ ಮಾಡುವುದೇನು

MMULT ಎರಡು ಕೋಷ್ಟಕಗಳನ್ನು ಗುಣಿಸುತ್ತದೆ, ಆದರೆ ಸೆಲ್ಲಿಗೆ ಸೆಲ್ ಅಲ್ಲ. ಮೊದಲನೆಯದರ ಒಂದು ಸಾಲನ್ನು ಎರಡನೆಯದರ ಒಂದು ಕಾಲಂ ಜೊತೆ ಜೋಡಿ ಮಾಡಿ, ಒಂದೊಂದು ಜೋಡಿಯನ್ನೂ ಗುಣಿಸಿ, ಎಲ್ಲವನ್ನೂ ಕೂಡಿಸುತ್ತದೆ. ನಮ್ಮ ಮೊದಲ ಸಾಲು 3, 1, 1. ಅದನ್ನು x, y, z ಇರುವ ಕಾಲಂ ಜೊತೆ ಹೀಗೆ ಗುಣಿಸಿದರೆ 3x + y + z. ಅಂದರೆ ಮೊದಲ ಸಮೀಕರಣದ ಎಡಭಾಗವೇ ಬಂತು, ಅಲ್ವಾ? ಉಳಿದೆರಡು ಸಾಲೂ ಹಾಗೇ. ಹೀಗೆ ಮೂರು ಸಮೀಕರಣವೂ ಸೇರಿ ಒಂದೇ ವಾಕ್ಯವಾಗುತ್ತದೆ: ಈ ಕೋಷ್ಟಕದಿಂದ ಗೊತ್ತಿಲ್ಲದ ಕಾಲಂ ಅನ್ನು ಗುಣಿಸಿದರೆ ಗೊತ್ತಿರುವ ಕಾಲಂ ಬರುತ್ತದೆ.

5x = 20 ಇದ್ದಾಗ ನಾವು ಎರಡೂ ಕಡೆ ಐದನೇ ಒಂದರಿಂದ ಗುಣಿಸಿ x = 4 ಅನ್ನುತ್ತೇವೆ. ಕೋಷ್ಟಕಕ್ಕೆ ಆ «ಐದನೇ ಒಂದು» ಯಾವುದು ಅಂತ ಹುಡುಕಿಕೊಡುವುದೇ MINVERSE. ಮೂಲ ಕೋಷ್ಟಕದ ಜೊತೆ ಗುಣಿಸಿದಾಗ ಕರ್ಣದಲ್ಲಿ 1, ಉಳಿದೆಲ್ಲ ಕಡೆ 0 ಬರುವಂಥ ಕೋಷ್ಟಕ ಅದು. ಅದನ್ನು ಇನ್ವರ್ಸ್ ಅನ್ನೋಣ.

G2ರಲ್ಲಿ ಹೀಗೆ ಬರೆಯಿರಿ.

```
=MINVERSE(A2:C4)
```

G2:I4ರಲ್ಲಿ ಈ ಒಂಬತ್ತು ಸಂಖ್ಯೆ ಬರಬೇಕು.

```
0.1    0.1    0.2
0.4   -0.6   -0.2
0.3    0.3   -0.4
```

ಆಮೇಲೆ K2ರಲ್ಲಿ:

```
=MMULT(G2:I4,E2:E4)
```

K2ರಿಂದ K4ರವರೆಗೆ 2, 5, 1 ಬರುತ್ತದೆ. x = 2, y = 5, z = 1. ಮೊದಲನೆಯದನ್ನು ಕೈಯಲ್ಲೇ ನೋಡಬಹುದು: 0.1 × 12 ಅಂದರೆ 1.2, 0.1 × −2 ಅಂದರೆ −0.2, 0.2 × 5 ಅಂದರೆ 1. ಕೂಡಿದರೆ 2.

ಕ್ರಮ ಮುಖ್ಯ. ಇನ್ವರ್ಸ್ ಮೊದಲು, ಕಾಲಂ ಆಮೇಲೆ. ತಿರುಗಿಸಿ ಬರೆದರೆ #VALUE! ಬರುತ್ತದೆ. ಮೊದಲನೆಯದರಲ್ಲಿ ಎಷ್ಟು ಕಾಲಂ ಇದೆಯೋ ಎರಡನೆಯದರಲ್ಲಿ ಅಷ್ಟೇ ಸಾಲು ಇರಬೇಕು, ಇಲ್ಲಿ ಒಂದು ಕಾಲಂಗೆ ಮೂರು ಸಾಲು ಹೊಂದುವುದಿಲ್ಲ. ಬಲಗಡೆಯ ಸಂಖ್ಯೆಗಳನ್ನು ಕೆಳಕೆಳಗೆ ಬರೆಯದೆ ಅಡ್ಡಲಾಗಿ ಬರೆದವರಿಗೂ ಇದೇ ಎರರ್ ಕಾಣುತ್ತದೆ.

ಒಂದೇ ಸೆಲ್ ತುಂಬಿತು, ಉಳಿದವು ಎಲ್ಲಿ?

ಇದು ಯಾವ ಪ್ರೋಗ್ರಾಂ, ಯಾವ ಆವೃತ್ತಿ ಅನ್ನುವುದರ ಮೇಲೆ ನಿಂತಿದೆ. ಎಕ್ಸೆಲ್ 365, ಎಕ್ಸೆಲ್ 2021 ಮತ್ತು ಗೂಗಲ್ ಶೀಟ್ಸ್‌ನಲ್ಲಿ ಒಂದು ಸೆಲ್ಲಿನಲ್ಲಿ ಫಾರ್ಮುಲಾ ಬರೆದು Enter ಒತ್ತಿದರೆ ಉತ್ತರ ತಾನಾಗಿಯೇ ಬೇಕಾದಷ್ಟು ಸೆಲ್ಲಿಗೆ ಹರಡಿಕೊಳ್ಳುತ್ತದೆ. ದಾರಿಯಲ್ಲಿ ಬೇರೇನಾದರೂ ಬರೆದಿದ್ದರೆ ಎಕ್ಸೆಲ್ #SPILL! ತೋರಿಸುತ್ತದೆ, ಗೂಗಲ್ ಶೀಟ್ಸ್ #REF! ತೋರಿಸುತ್ತದೆ. ಅಡ್ಡ ಇರುವುದನ್ನು ಅಳಿಸಿದರೆ ಸರಿಹೋಗುತ್ತದೆ.

ಎಕ್ಸೆಲ್ 2019 ಮತ್ತು ಅದಕ್ಕಿಂತ ಹಳೆಯದರಲ್ಲಿ ಮೊದಲೇ G2:I4 ಪೂರ್ತಿ ಸೆಲೆಕ್ಟ್ ಮಾಡಿ, ಫಾರ್ಮುಲಾ ಬರೆದು, Ctrl+Shift+Enter ಒತ್ತಬೇಕು. ಫಾರ್ಮುಲಾದ ಸುತ್ತ ಪುಷ್ಪಾವರಣ ತಾನಾಗಿಯೇ ಬರುತ್ತದೆ, ನಾವು ಟೈಪ್ ಮಾಡಬಾರದು. ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲೂ ಇದೇ ಮೂರು ಕೀ ಕೆಲಸ ಮಾಡುತ್ತವೆ. ಬರೀ Enter ಒತ್ತಿದರೆ ಎಡ ಮೇಲ್ತುದಿಯ ಒಂದೇ ಸಂಖ್ಯೆ ಕಾಣುತ್ತದೆ. ಆಗ ಅದನ್ನು ಹಿಡಿದು ಕೆಳಕ್ಕೆ ಎಳೆಯಬೇಡಿ. ಎಳೆದಾಗ A2:C4 ಇದ್ದದ್ದು A3:C5 ಆಗುತ್ತದೆ, ಐದನೆಯ ಸಾಲು ಖಾಲಿ ಇರುವುದರಿಂದ #VALUE! ಬರುತ್ತದೆ. ಮೊದಲ ಉತ್ತರ ಸರಿ, ಕೆಳಗಿನವೆಲ್ಲ ಎರರ್ ಅಂದರೆ ಆಗಿರುವುದು ಬಹುತೇಕ ಇದೇ.

ಇನ್ವರ್ಸ್ ಕೋಷ್ಟಕವನ್ನು ಓದುವುದು

ಈಗ G2:I4 ಕಡೆ ಇನ್ನೊಮ್ಮೆ ನೋಡಿ. ಅಲ್ಲಿರುವ ಒಂದೊಂದು ಸಂಖ್ಯೆಗೂ ಅರ್ಥ ಇದೆ. ಸಾಲು ಅಂದರೆ ಉತ್ತರ: ಮೊದಲ ಸಾಲು xದು, ಎರಡನೆಯದು yದು, ಮೂರನೆಯದು zದು. ಕಾಲಂ ಅಂದರೆ ಸಮೀಕರಣ. y ಸಾಲು, ಎರಡನೆಯ ಕಾಲಂನಲ್ಲಿ −0.6 ಇದೆ. ಎರಡನೆಯ ಸಮೀಕರಣದ ಬಲಗಡೆಯ ಸಂಖ್ಯೆ 1 ಹೆಚ್ಚಾದರೆ y 0.6ರಷ್ಟು ಕಡಿಮೆಯಾಗುತ್ತದೆ ಅಂತ ಅದು ಹೇಳುತ್ತಿದೆ.

ಪರೀಕ್ಷೆ ಮಾಡಿ ನೋಡಿ. E3ರಲ್ಲಿರುವ −2 ಅನ್ನು −1 ಮಾಡಿ. ಉತ್ತರಗಳು 2.1, 4.4, 1.3 ಆಗುತ್ತವೆ. x 0.1 ಏರಿತು, y 0.6 ಇಳಿಯಿತು, z 0.3 ಏರಿತು. ಎರಡನೆಯ ಕಾಲಂನಲ್ಲಿ ಇದ್ದದ್ದು ಇದೇ ಮೂರು ಸಂಖ್ಯೆ.

ನಿಜವಾದ ಕೆಲಸದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಬಲಗಡೆಯ ಸಂಖ್ಯೆಗಳು ಹೆಚ್ಚಾಗಿ ಎಲ್ಲೋ ಅಳೆದು ತಂದವು. ತೂಕ, ವೋಲ್ಟೇಜ್, ದ್ರಾವಣದ ಸಾಂದ್ರತೆ, ಏನಾದರೂ ಆಗಿರಬಹುದು. ಅಳತೆಯಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಇದ್ದೇ ಇರುತ್ತದೆ. ಆ ಸ್ವಲ್ಪ ಉತ್ತರದಲ್ಲಿ ಎಷ್ಟಾಗಿ ಬೆಳೆಯುತ್ತದೆ? ಇನ್ವರ್ಸ್‌ನ ಸಂಖ್ಯೆಗಳೇ ಅದಕ್ಕೆ ಉತ್ತರ. ನಮ್ಮ ಕೋಷ್ಟಕದಲ್ಲಿ ಎಲ್ಲವೂ 1ಕ್ಕಿಂತ ಚಿಕ್ಕವು. ಒಂದು ಸಮೀಕರಣದ ಅಳತೆಯಲ್ಲಿ ಆದ ತಪ್ಪು ಉತ್ತರಕ್ಕೆ ಬರುವಷ್ಟರಲ್ಲಿ ಇನ್ನೂ ಚಿಕ್ಕದಾಗುತ್ತದೆ. ನಿಶ್ಚಿಂತೆ.

ಇನ್ವರ್ಸ್ ಹೊರಗಿಡುವುದರಿಂದ ಇನ್ನೊಂದು ಸಣ್ಣ ಅನುಕೂಲವೂ ಇದೆ. ಎಡಗಡೆ ಅದೇ ಇದ್ದು ಬಲಗಡೆ ಮಾತ್ರ ಬದಲಾಗುವ ಲೆಕ್ಕಗಳು ಬೇಕಾದಷ್ಟು. F2:F4ರಲ್ಲಿ 14, −4, 10 ಅಂತ ಇನ್ನೊಂದು ಗುಂಪು ಬರೆದು, =MMULT(G2:I4,E2:F4) ಅಂದರೆ ಎರಡೂ ಉತ್ತರ ಅಕ್ಕಪಕ್ಕ ಬರುತ್ತವೆ. ಎರಡನೆಯದು 3, 6, −1.

#NUM! ಬಂದಾಗ, ಬರಬೇಕಾದಾಗ ಬಾರದಿದ್ದಾಗ

x + 2y = 5 ಮತ್ತು 2x + 4y = 10. ಎರಡನೆಯದು ಮೊದಲನೆಯದರ ದುಪ್ಪಟ್ಟು, ಹೊಸದೇನೂ ಹೇಳುತ್ತಿಲ್ಲ. ಇದಕ್ಕೆ ಇನ್ವರ್ಸ್ ಇಲ್ಲ, MINVERSE #NUM! ಕೊಡುತ್ತದೆ. ಬಲಗಡೆ 10ರ ಬದಲು 11 ಹಾಕಿದರೆ ಎರಡೂ ಸಮೀಕರಣ ಒಂದಕ್ಕೊಂದು ವಿರುದ್ಧವಾಗುತ್ತವೆ, ಉತ್ತರವೇ ಇಲ್ಲ. ಆಗಲೂ ಅದೇ #NUM!. ಲೆಕ್ಕವಿಲ್ಲದಷ್ಟು ಉತ್ತರ ಇದೆಯೋ ಒಂದೂ ಇಲ್ಲವೋ ಅಂತ MINVERSE ಹೇಳಲಾರದು, ಯಾಕೆಂದರೆ ಅದು ಬಲಗಡೆಯ ಕಾಲಂ ಅನ್ನು ನೋಡುವುದೇ ಇಲ್ಲ.

ಎರರ್ ಬಂದರೆ ಒಳ್ಳೆಯದೇ, ಎಚ್ಚರವಾಗುತ್ತೇವೆ. ತೊಂದರೆ ಇರುವುದು ಎರರ್ ಬರಬೇಕಾದ ಕಡೆ ಬಾರದೆ ಇದ್ದಾಗ. 1ರಿಂದ 9ರವರೆಗಿನ ಸಂಖ್ಯೆಗಳನ್ನು ಮೂರು ಸಾಲಲ್ಲಿ ಕ್ರಮವಾಗಿ ಬರೆದು ಇನ್ವರ್ಸ್ ತೆಗೆಯಿರಿ. ಮೊದಲ ಮತ್ತು ಕೊನೆಯ ಸಾಲು ಕೂಡಿದರೆ ನಡುವಿನ ಸಾಲಿನ ಎರಡರಷ್ಟಾಗುತ್ತದೆ. ಹಾಗಾಗಿ ಇದಕ್ಕೂ ಇನ್ವರ್ಸ್ ಇಲ್ಲ. ಆದರೆ ಎಕ್ಸೆಲ್ ಹೆಚ್ಚಿನ ಸಲ #NUM! ಕೊಡುವುದಿಲ್ಲ. ಕೊನೆಯಲ್ಲಿ E+15 ಅಂತ ಇರುವ ದೈತ್ಯ ಸಂಖ್ಯೆಗಳನ್ನು ತುಂಬಿ ಕೊಡುತ್ತದೆ. ಲೆಕ್ಕದ ನಡುವೆ ಏಳರಿಂದ ಭಾಗಿಸಬೇಕಾಗುತ್ತದೆ, ಆ ಭಿನ್ನರಾಶಿಗಳು ಕಂಪ್ಯೂಟರಿನ ಹದಿನೈದು ಹದಿನಾರು ಅಂಕೆಯಲ್ಲಿ ಪೂರ್ತಿ ಕೂರುವುದಿಲ್ಲ. ಕೊನೆಗೆ ಸರಿಯಾಗಿ ಸೊನ್ನೆ ಆಗಬೇಕಾದ ಕಡೆ ಒಂದು ಚೂರು ಉಳಿಯುತ್ತದೆ. ಆ ಚೂರಿನಿಂದ ಭಾಗಿಸಿದಾಗ ಬರುವುದೇ ಈ ದೈತ್ಯರು. ಒಂದೇ ಸಾಲಿನ ಫಾರ್ಮುಲಾ ಬರೆದವರಿಗೆ ಈ E+15 ಕಣ್ಣಿಗೇ ಬೀಳುವುದಿಲ್ಲ. ಗುಣಿಸುವಾಗ ದೊಡ್ಡ ಪ್ಲಸ್‌ಗಳೂ ದೊಡ್ಡ ಮೈನಸ್‌ಗಳೂ ಹೊಡೆದುಹೋಗಿ, ಕೊನೆಯಲ್ಲಿ ಸಾಧಾರಣವಾಗಿ ಕಾಣುವ ಸಂಖ್ಯೆಯೇ ಬಂದು ಕೂತಿರಬಹುದು.

«ಹಾಗಾದರೆ MDETERM ಹಾಕಿ ಡಿಟರ್ಮಿನೆಂಟ್ ಸೊನ್ನೆಯ ಹತ್ತಿರ ಇದೆಯಾ ನೋಡಿದರಾಯಿತು» ಅನ್ನುವ ಸಲಹೆ ಜಾಸ್ತಿ ಕೇಳಿಬರುತ್ತದೆ. ಡಿಟರ್ಮಿನೆಂಟ್ ಅಂದರೆ ಕೋಷ್ಟಕದಿಂದ ಲೆಕ್ಕ ಹಾಕುವ ಒಂದು ಸಂಖ್ಯೆ, ಇನ್ವರ್ಸ್ ಇಲ್ಲದ ಕೋಷ್ಟಕಕ್ಕೆ ಅದು ಸೊನ್ನೆ. ಆದರೂ ಈ ಸಲಹೆಯನ್ನು ನೆಚ್ಚಿಕೊಳ್ಳಬೇಡಿ. ನಮ್ಮ ಮೊದಲ ಉದಾಹರಣೆಯ ಡಿಟರ್ಮಿನೆಂಟ್ 10. ಅದೇ ಮೂರು ಸಮೀಕರಣವನ್ನು ಎರಡೂ ಕಡೆ ಸಾವಿರದಿಂದ ಭಾಗಿಸಿ ಬರೆದರೆ ಡಿಟರ್ಮಿನೆಂಟ್ 0.00000001 ಆಗುತ್ತದೆ. ಸಮೀಕರಣ ಅವೇ, ಉತ್ತರ ಅದೇ, ಗಟ್ಟಿತನವೂ ಅಷ್ಟೇ. ಗ್ರಾಂ ಬದಲು ಕಿಲೋಗ್ರಾಂ ಬಳಸಿದ್ದಕ್ಕೆ ಲೆಕ್ಕ ಕೆಟ್ಟಿದೆ ಅನ್ನುವುದು ನ್ಯಾಯವಲ್ಲ.

ನಿಜವಾಗಿ ಕೆಟ್ಟಿರುವ ಜೋಡಿ ಹೇಗಿರುತ್ತದೆ ನೋಡಿ.

```
x + y      = 2
x + 1.0001y = 2.0001
```

ಉತ್ತರ x = 1, y = 1. ಈಗ 2.0001 ಇದ್ದದ್ದನ್ನು 2.0002 ಮಾಡಿ. ಉತ್ತರ x = 0, y = 2! ನಾಲ್ಕನೆಯ ದಶಮಾಂಶ ಸ್ಥಾನದಲ್ಲಿ ಒಂದು ಅಂಕೆ ಬದಲಾದದ್ದಕ್ಕೆ ಉತ್ತರವೇ ಬೇರೆಯಾಯಿತು. ಎರಡು ಸರಳರೇಖೆಗಳು ಹೆಚ್ಚುಕಡಿಮೆ ಒಂದರ ಮೇಲೊಂದು ಮಲಗಿವೆ, ಸಂಧಿಸುವ ಬಿಂದು ಸಣ್ಣ ಅಲುಗಾಟಕ್ಕೂ ದೂರ ಜಾರುತ್ತದೆ. ಕಂಪ್ಯೂಟರ್ ತಪ್ಪೇನೂ ಮಾಡಿಲ್ಲ. ಸಮೀಕರಣಗಳಲ್ಲೇ ಸಾಕಷ್ಟು ಮಾಹಿತಿ ಇಲ್ಲ. ಇದರ ಇನ್ವರ್ಸ್:

```
 10001   -10000
-10000    10000
```

ನೋಡಿದ ತಕ್ಷಣ ಗೊತ್ತಾಗುತ್ತದೆ. ಅಳತೆಯಲ್ಲಿ ಆದ ತಪ್ಪು ಉತ್ತರದಲ್ಲಿ ಹತ್ತು ಸಾವಿರ ಪಟ್ಟಾಗುತ್ತದೆ.

ಬರೀ ಇನ್ವರ್ಸ್ ನೋಡಿದರೂ ಅಳತೆಯ ಘಟಕದ ಗೊಂದಲ ಪೂರ್ತಿ ಹೋಗುವುದಿಲ್ಲ. ಸಾವಿರದಿಂದ ಭಾಗಿಸಿದ ಸಮೀಕರಣಗಳ ಇನ್ವರ್ಸ್ ಸಾವಿರ ಪಟ್ಟು ದೊಡ್ಡದಾಗಿರುತ್ತದೆ. ಅದಕ್ಕೆ ಎರಡೂ ಕೋಷ್ಟಕವನ್ನು ಒಟ್ಟಿಗೆ ತೂಗಬೇಕು. ಪ್ರತಿ ಸಾಲಿನ ಸಂಖ್ಯೆಗಳನ್ನು ಚಿಹ್ನೆ ಬಿಟ್ಟು ಕೂಡಿ, =SUMPRODUCT(ABS(A2:C2)) ಅಂದರೆ ಸಾಕು, ಎಲ್ಲಕ್ಕಿಂತ ದೊಡ್ಡ ಮೊತ್ತ ಆರಿಸಿಕೊಳ್ಳಿ. ನಮ್ಮ ಮೊದಲ ಕೋಷ್ಟಕದಲ್ಲಿ ಅದು 5. ಇನ್ವರ್ಸ್‌ಗೂ ಹಾಗೇ ಮಾಡಿದರೆ 1.2. ಗುಣಿಸಿದರೆ 6. ಕೆಟ್ಟ ಜೋಡಿಯಲ್ಲಿ 2.0001 ಮತ್ತು 20001, ಗುಣಲಬ್ಧ ಸುಮಾರು 40,000. ಇದಕ್ಕೆ ಕಂಡಿಷನ್ ನಂಬರ್ ಅನ್ನುತ್ತಾರೆ. ಎಲ್ಲ ಸಮೀಕರಣವನ್ನೂ ಒಂದೇ ಸಂಖ್ಯೆಯಿಂದ ಭಾಗಿಸಿದರೆ ಇದು ಬದಲಾಗುವುದಿಲ್ಲ. ಅಂದಾಜಿಗೆ ಹೇಳುವುದಾದರೆ, 40,000 ಅಂದರೆ ನಾಲ್ಕೂವರೆ ಅಂಕೆಯಷ್ಟು ನಿಖರತೆ ಕಳೆದುಕೊಳ್ಳುವ ಅಪಾಯ. ಕಂಪ್ಯೂಟರ್ ಬಳಿ ಹದಿನೈದು ಅಂಕೆ ಇದೆ, ಅದಕ್ಕೇನೂ ನಷ್ಟವಿಲ್ಲ. ಆದರೆ ನಿಮ್ಮ ಅಳತೆಯೇ ಮೂರು ನಾಲ್ಕು ಅಂಕೆಯದ್ದಾದರೆ ಉತ್ತರದಲ್ಲಿ ನಂಬುವಂಥದ್ದು ಏನೂ ಉಳಿದಿಲ್ಲದೆ ಇರಬಹುದು. 1ರಿಂದ 9ರ ಕೋಷ್ಟಕದಲ್ಲಿ ಈ ಸಂಖ್ಯೆ E+16 ದಾಟುತ್ತದೆ. ಅಂದರೆ ಕಂಪ್ಯೂಟರಿನ ಹದಿನೈದು ಅಂಕೆಯೂ ಖಾಲಿ.

ಮರಳಿ ಹಾಕಿ ನೋಡಿದರೆ ಸಾಕೇ?

ಉತ್ತರವನ್ನು ಮತ್ತೆ ಸಮೀಕರಣಕ್ಕೆ ಹಾಕಿ ನೋಡುವುದು ಒಳ್ಳೆಯ ಅಭ್ಯಾಸ. =MMULT(A2:C4,K2:K4) ಬರೆದರೆ 12, −2, 5 ಮರಳಿ ಬರಬೇಕು. ಸೆಲ್ ರೇಂಜ್ ತಪ್ಪಾಗಿ ಕೊಟ್ಟಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಆದರೆ ಮೈನಸ್ ಬಿಟ್ಟು ಟೈಪ್ ಮಾಡಿದ್ದರೆ ಇದು ಹಿಡಿಯುವುದಿಲ್ಲ, ಯಾಕೆಂದರೆ ಪರೀಕ್ಷೆಗೆ ಬಳಸಿದ್ದೂ ಅದೇ ತಪ್ಪು ಕೋಷ್ಟಕ. ಮೊದಲು ಬರೆದ ಮೂಲ ಸಮೀಕರಣಗಳಿಗೇ x, y, z ಹಾಕಿ ಒಂದು ಸಲ ಕೈಯಲ್ಲಿ ನೋಡಬೇಕು.

ಇನ್ನೂ ಒಂದು ಮಿತಿ ಇದೆ. ಮೇಲಿನ ಕೆಟ್ಟ ಜೋಡಿಗೆ ಯಾರೋ x = 0, y = 2 ಅಂತ ತಪ್ಪು ಉತ್ತರ ಕೊಟ್ಟರು ಅಂದುಕೊಳ್ಳಿ. ಮರಳಿ ಹಾಕಿದರೆ ಮೊದಲನೆಯದು ಸರಿಯಾಗಿ 2, ಎರಡನೆಯದು 2.0002. ಬೇಕಿದ್ದದ್ದು 2.0001. ಮೂರು ದಶಮಾಂಶ ತೋರಿಸುವ ಶೀಟಿನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಉತ್ತರ ಮಾತ್ರ ಒಂದು ಪೂರ್ತಿ ಅಂಕೆ ಆಚೀಚೆ. ಕಂಡಿಷನ್ ನಂಬರ್ ಚಿಕ್ಕದಿದ್ದಾಗ ಮಾತ್ರ ಈ ಪರೀಕ್ಷೆಗೆ ಬೆಲೆ.

ದಶಮಾಂಶದ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ಇನ್ವರ್ಸ್ ಉದ್ದುದ್ದ ಕಾಣುತ್ತದೆ ಅಂತ ಅದಕ್ಕೆ ROUND ಹಾಕಬೇಡಿ, ಕಂಡಷ್ಟನ್ನು ಬೇರೆ ಕಡೆ ಟೈಪ್ ಮಾಡಿಯೂ ಬಳಸಬೇಡಿ. ಸೆಲ್ ಫಾರ್ಮ್ಯಾಟ್‌ನಲ್ಲಿ ದಶಮಾಂಶ ಕಡಿಮೆ ಮಾಡಿದರೆ ತೊಂದರೆ ಇಲ್ಲ, ಒಳಗಿನ ಸಂಖ್ಯೆ ಹಾಗೇ ಇರುತ್ತದೆ. ಕೊನೆಯ ಉತ್ತರ 5ರ ಬದಲು 4.99999999999999 ತರಹ ಬಂದಿದ್ದರೆ, ಅಥವಾ ಸೊನ್ನೆಯ ಬದಲು 4.4E-16 ಬಂದಿದ್ದರೆ ಗಾಬರಿ ಬೇಡ, ಅದು ಅದೇ ಉಳಿದ ಚೂರು. ಆದರೆ =IF(K3=5,...) ಅಂತ ಬರೆದಿದ್ದರೆ ಅದು ಕೈಕೊಡಬಹುದು. ಹೋಲಿಸುವಾಗ ROUND(K3,9) ಬಳಸಿ.

ಸಮೀಕರಣಗಳು ಗೊತ್ತಿಲ್ಲದವಕ್ಕಿಂತ ಜಾಸ್ತಿ ಇದ್ದರೆ, ಉದಾಹರಣೆಗೆ ಮೂರು ಗೊತ್ತಿಲ್ಲದವಕ್ಕೆ ಹತ್ತು ಅಳತೆ, ಈ ದಾರಿ ನೇರವಾಗಿ ನಡೆಯುವುದಿಲ್ಲ. ಕೋಷ್ಟಕ ಚೌಕವಾಗಿಲ್ಲದಿದ್ದರೆ MINVERSE #VALUE! ಅನ್ನುತ್ತದೆ. ಆಗ ಹತ್ತರಲ್ಲಿ ಮೂರನ್ನು ಆರಿಸಿ ಉಳಿದದ್ದನ್ನು ಎಸೆಯಬೇಡಿ. ಹತ್ತಕ್ಕೂ ಆದಷ್ಟು ಹತ್ತಿರ ಹೊಂದುವ ಉತ್ತರವನ್ನು LINEST ಹುಡುಕಿಕೊಡುತ್ತದೆ. ಅದರ ಮೂರನೆಯ ಆರ್ಗ್ಯುಮೆಂಟ್ FALSE ಇರಲಿ, ಇಲ್ಲದಿದ್ದರೆ ಸಮೀಕರಣದಲ್ಲಿ ಇಲ್ಲದ ಒಂದು ಸ್ಥಿರಸಂಖ್ಯೆಯನ್ನು ಅದು ತಾನೇ ಸೇರಿಸಿಕೊಳ್ಳುತ್ತದೆ. ಉತ್ತರ ಬರುವ ಕ್ರಮವೂ ತಿರುಗುಮುರುಗು: ಮೊದಲು z, ಆಮೇಲೆ y, ಕೊನೆಗೆ x.